ಪರೀಕ್ಷೆಗೆ ದಿನ ಎಣಿಸುವ ಕ್ಯಾಲೆಂಡರ್: ಯಾವ ಬಣ್ಣ, ಎಷ್ಟು ಚುಕ್ಕೆ, ಯಾವ ಗೋಡೆ

ಪ್ರಶ್ನೆ: ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಮಾರ್ಚ್ 18ಕ್ಕೆ ಮೊದಲ ಪತ್ರಿಕೆ, ಏಪ್ರಿಲ್ 2ಕ್ಕೆ ಕೊನೆಯದು. ಎಷ್ಟು ದಿನ ಉಳಿದಿದೆ ಅನ್ನೋದು ಕಣ್ಣೆದುರಿಗೇ ಇರಲಿ ಅಂತ ಹೊಸ ವರ್ಷದ ದಿನ ಹಾಲ್‌ನ ಕ್ಯಾಲೆಂಡರಿಗೆ ದಿನಕ್ಕೊಂದರಂತೆ ಕೆಂಪು ಸ್ಟಿಕ್ಕರ್ ಅಂಟಿಸಿದೆವು, ದಿನಾ ಒಂದು ಕೀಳೋದು ಅಂತ ಮಾಡಿಕೊಂಡೆವು. ನಾಲ್ಕೈದು ದಿನ ಅವಳೇ ಖುಷಿಯಿಂದ ಕಿತ್ತಳು. ಈಗ ಆ ಗೋಡೆ ಕಡೆ ತಿರುಗಿಯೂ ನೋಡೋದಿಲ್ಲ, ನಾನು ನೆನಪಿಸಿದರೆ ಸಿಟ್ಟು ಮಾಡ್ತಾಳೆ. ತಿಥಿ, ನಕ್ಷತ್ರ ಎಲ್ಲ ಮುಚ್ಚಿಹೋಯ್ತು ಅಂತ ನಮ್ಮತ್ತೆಗೂ ಬೇಜಾರು. ಮಧ್ಯೆ ಜನವರಿ 27ರಿಂದ ಫೆಬ್ರುವರಿ 2, ಆಮೇಲೆ ಫೆಬ್ರುವರಿ 23ರಿಂದ 28 ಪೂರ್ವಸಿದ್ಧತಾ ಪರೀಕ್ಷೆ ಇದೆ. ಫೆಬ್ರುವರಿ 7, 8 ನನ್ನ ತಮ್ಮನ ಮದುವೆ. ಮಾರ್ಚ್ 10ರವರೆಗೆ ಶಾಲೆ. ಈ ಕ್ಯಾಲೆಂಡರ್ ಮುಂದುವರಿಸಲೋ, ತೆಗೆದುಬಿಡಲೋ? (ಒಬ್ಬ ತಾಯಿ, ಹಾಸನ)

ಉತ್ತರ: ಮುಂದುವರಿಸಿ. ಆದರೆ ಆ ಕೆಂಪು ಸ್ಟಿಕ್ಕರುಗಳನ್ನು ಇವತ್ತೇ ತೆಗೆದು ನಿಮ್ಮತ್ತೆಯವರ ಕ್ಯಾಲೆಂಡರನ್ನು ಅವರಿಗೆ ಬಿಟ್ಟುಕೊಡಿ. ಲೆಕ್ಕವನ್ನು ಬೇರೆ ಹಾಳೆಯ ಮೇಲೆ, ಬೇರೆ ರೀತಿಯಲ್ಲಿ ಮತ್ತೆ ಹಾಕೋಣ.

ನಿಮ್ಮ ಮಗಳು ಆ ಗೋಡೆಯಿಂದ ಮುಖ ತಿರುಗಿಸಿದ್ದರಲ್ಲಿ ಸೋಮಾರಿತನ ಏನೂ ಇಲ್ಲ. ಎಪ್ಪತ್ತು ಎಂಬತ್ತು ಕೆಂಪು ಚುಕ್ಕೆಗಳು ಒಂದೇ ಥರ ಸಾಲಾಗಿ ಕೂತಿದ್ದರೆ ಅವು ಹೇಳುವುದು ಒಂದೇ ಮಾತು: ನಿನ್ನೆಗಿಂತ ಒಂದು ಕಮ್ಮಿಯಾಯಿತು. ಪರೀಕ್ಷೆ ಯಾವತ್ತು ಎಂಬುದು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವಳಿಗೆ. ಶಾಲೆಯಲ್ಲಿ ಬೋರ್ಡಿನ ಮೂಲೆಯಲ್ಲಿ ಉಳಿದ ದಿನ ಬರೆದಿರುತ್ತಾರೆ, ಟ್ಯೂಷನ್ನಿನಲ್ಲಿ ಮೇಷ್ಟರು ಹೇಳಿರುತ್ತಾರೆ, ಮನೆಗೆ ಬಂದರೆ ಗೋಡೆಯೂ ಅದನ್ನೇ ಹೇಳುತ್ತದೆ. ಗೊತ್ತಿರುವ ಸಂಗತಿಯನ್ನೇ ಹೇಳುತ್ತಿದ್ದರೆ ನಾಲ್ಕು ದಿನಕ್ಕೆ ಕಣ್ಣು ಅದನ್ನು ಬಿಟ್ಟುಬಿಡುತ್ತದೆ. ಆ ಸಂಗತಿ ಹೆದರಿಸುವಂಥದ್ದಾದರೆ ಬೇಕೆಂದೇ ಬಿಡುತ್ತದೆ. ಈಗ ಎರಡೂ ಆಗಿದೆ.

ಅವಳಿಗೆ ಗೊತ್ತಿಲ್ಲದ, ಬಹುಶಃ ನಿಮಗೂ ಗೊತ್ತಿಲ್ಲದ ಸಂಗತಿ ಬೇರೆ ಇದೆ. ಉಳಿದ ದಿನಗಳೆಲ್ಲ ಒಂದೇ ತೂಕದವಲ್ಲ. ಯಾವ ದಿನ ಎಂಥದ್ದು ಎಂದು ತೋರಿಸುವುದಕ್ಕೆ ಬಣ್ಣ ಬೇಕು. ನೀವು ಕೊಟ್ಟ ದಿನಾಂಕಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡಿ ನೋಡೋಣ.

ಜನವರಿ 12ರ ಸೋಮವಾರದಿಂದ ಎಣಿಸಿದರೆ ಮಾರ್ಚ್ 17ರವರೆಗೆ ಜನವರಿಯಲ್ಲಿ 20, ಫೆಬ್ರುವರಿಯಲ್ಲಿ 28, ಮಾರ್ಚಿನಲ್ಲಿ 17, ಒಟ್ಟು 65 ದಿನ. ಕೇಳುವುದಕ್ಕೆ ಬೇಕಾದಷ್ಟಿದೆ. ಇದರಲ್ಲಿ ಪೂರ್ವಸಿದ್ಧತಾ ಪರೀಕ್ಷೆಗೆ ಹೋಗುವುದು 13 ದಿನ. ಪತ್ರಿಕೆ ಇರುವುದು 12 ದಿನವಾದರೂ ಮಧ್ಯದ ಫೆಬ್ರುವರಿ 1ರ ಭಾನುವಾರ ಮರುದಿನದ ಪತ್ರಿಕೆಗೇ ಮೀಸಲಾಗುತ್ತದೆ, ಹಾಗಾಗಿ ಅದನ್ನೂ ಸೇರಿಸಿದ್ದೇನೆ. ಮದುವೆಗೆ ಎರಡು ದಿನ. ಸೋದರಮಾವನ ಮದುವೆಗೆ ಪುಸ್ತಕ ತಗೊಂಡು ಬಾ ಎಂದು ಹೇಳುವವರಿದ್ದಾರೆ. ಪುಸ್ತಕ ಬ್ಯಾಗಿನಲ್ಲಿ ಹೋಗಿ ಬ್ಯಾಗಿನಲ್ಲೇ ಬರುತ್ತದೆ, ಆ ಎರಡು ದಿನವನ್ನು ಲೆಕ್ಕದಿಂದ ಧಾರಾಳವಾಗಿ ಬಿಟ್ಟುಬಿಡಿ. ಇನ್ನುಳಿದದ್ದು 50.

ಈ 50ರಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಪೂರ್ತಿ ಅವಳ ಕೈಗೆ ಸಿಗುವ ದಿನಗಳು ಎಷ್ಟು? ಜನವರಿ 18 ಮತ್ತು 25ರ ಭಾನುವಾರ, 26ರ ಗಣರಾಜ್ಯೋತ್ಸವ, ಫೆಬ್ರುವರಿ 15 ಮತ್ತು 22, ಮಾರ್ಚ್ 1 ಮತ್ತು 8, ಆಮೇಲೆ ಶಾಲೆ ಮುಗಿದ ಮೇಲೆ ಮಾರ್ಚ್ 11ರಿಂದ 17ರವರೆಗೆ ಏಳು ದಿನ. ಒಟ್ಟು 14. ಮಿಕ್ಕ 36 ದಿನ ಶಾಲೆ, ಸ್ಪೆಷಲ್ ಕ್ಲಾಸು, ಓಡಾಟ ಎಲ್ಲ ಮುಗಿಸಿಕೊಂಡು ಸಂಜೆ ಮನೆಗೆ ಬರುವ ದಿನಗಳು. ಸಂಕ್ರಾಂತಿಯನ್ನೂ ಅದರಲ್ಲೇ ಸೇರಿಸಿದ್ದೇನೆ. ಎಳ್ಳು ಬೀರಿ ಬರುವ ಹೊತ್ತಿಗೆ ಸಂಜೆ ಆಗಿರುತ್ತದೆ, ಆಗಲಿ ಬಿಡಿ.

ಶಾಲೆಯ ದಿನ ಮನೆಯಲ್ಲಿ ಮೂರು ಗಂಟೆ ಓದಿದರೆ ಅದು ಒಳ್ಳೆಯ ದಿನವೇ. ಪೂರ್ತಿ ರಜೆಯ ದಿನ ಬಿಡಿಬಿಡಿಯಾಗಿ ಏಳು ಗಂಟೆ ಆಗುತ್ತದೆ. ಮೂವತ್ತಾರು ಮೂರಲ 108 ಗಂಟೆ, ಹದಿನಾಲ್ಕು ಏಳಲ 98 ಗಂಟೆ. ಎರಡೂ ಸೇರಿ 206, ಆರು ವಿಷಯಕ್ಕೆ ಹಂಚಿದರೆ ಒಂದೊಂದಕ್ಕೆ 34 ಗಂಟೆ ಚಿಲ್ಲರೆ. 14 ದಿನಗಳಲ್ಲಿ ಸಿಗುವ ಹೊತ್ತು 36 ದಿನಗಳಲ್ಲಿ ಸಿಗುವ ಹೊತ್ತಿಗೆ ಹತ್ತಿರ ಹತ್ತಿರ ಬರುತ್ತದೆ. 65 ಎಂಬ ಸಂಖ್ಯೆ ಈ ವಿಷಯವನ್ನು ಪೂರ್ತಿ ಮುಚ್ಚಿಡುತ್ತದೆ. ಒಂದು ಮಂಗಳವಾರ ಮನೆಗೆ ನೆಂಟರು ಬಂದು ಓದು ತಪ್ಪಿದರೆ ಹೋಗುವುದು ಮೂರು ಗಂಟೆ, ಒಂದು ಭಾನುವಾರ ತಪ್ಪಿದರೆ ಏಳು. ಕೆಂಪು ಸ್ಟಿಕ್ಕರಿನ ಲೆಕ್ಕದಲ್ಲಿ ಎರಡೂ ಒಂದೊಂದೇ ಚುಕ್ಕೆ.

ಇನ್ನೊಂದು ತಪ್ಪು ಅಂದಾಜೂ ಆ ಹಳೆಯ ಲೆಕ್ಕದಿಂದ ಆಗುತ್ತದೆ. ಮಾರ್ಚ್ 18ಕ್ಕೆ ಎಲ್ಲ ಮುಗಿದುಹೋಗುತ್ತದೆ ಎನ್ನುವ ಹಾಗೆ ಎಣಿಕೆ ಅಲ್ಲಿಗೆ ಸೊನ್ನೆಗೆ ಬಂದು ನಿಲ್ಲುತ್ತದೆ. 18ರಿಂದ ಏಪ್ರಿಲ್ 2ರವರೆಗೆ 16 ದಿನ. ಪತ್ರಿಕೆ ಆರು. ನಡುವೆ ಹತ್ತು ದಿನ ಬಿಡುವಿದೆ! ಆ ಹತ್ತೂ ಪೂರ್ತಿ ದಿನಗಳು, ಅದೂ ಮುಂದಿನ ಪತ್ರಿಕೆ ಯಾವುದು ಎಂದು ಖಚಿತವಾಗಿ ಗೊತ್ತಿರುವ ದಿನಗಳು. ಕೊನೆಯಲ್ಲಿ ಬರುವ ವಿಷಯದ ಪುನರಾವರ್ತನೆಯನ್ನೆಲ್ಲ ಮಾರ್ಚ್ 17ರೊಳಗೇ ಮುಗಿಸಬೇಕೆಂದು ಒದ್ದಾಡುವ ಮಕ್ಕಳಿಗೆ ಈ ಹತ್ತು ದಿನ ಕಣ್ಣಿಗೆ ಬಿದ್ದರೆ ಅರ್ಧ ಭಾರ ಇಳಿಯುತ್ತದೆ. ಆದ್ದರಿಂದ ಹೊಸ ಕ್ಯಾಲೆಂಡರು ಏಪ್ರಿಲ್ 2ರವರೆಗೆ ಹೋಗಲೇಬೇಕು.

ಈಗ ಬಣ್ಣದ ವಿಚಾರ. ನಾಲ್ಕಕ್ಕಿಂತ ಹೆಚ್ಚು ಬೇಡ. ಪೂರ್ತಿ ಸಿಗುವ ದಿನಕ್ಕೆ ಹಸಿರು, ಶಾಲೆಯ ದಿನಕ್ಕೆ ನೀಲಿ, ಪೂರ್ವಸಿದ್ಧತಾ ಪರೀಕ್ಷೆಯ ದಿನಕ್ಕೆ ಹಳದಿ, ಮುಖ್ಯ ಪರೀಕ್ಷೆಯ ಆರು ದಿನಕ್ಕೆ ಮಾತ್ರ ಕೆಂಪು. ಮದುವೆಯ ಎರಡು ದಿನಕ್ಕೆ ಏನೂ ಅಂಟಿಸಬೇಡಿ, ಖಾಲಿ ಇರಲಿ. ಹಾಗೆ ಮಾಡಿದರೆ ಬೇಕಾಗುವುದು ಹಸಿರು 24 (ಮೊದಲಿನ 14, ಪತ್ರಿಕೆಗಳ ನಡುವಿನ 10), ನೀಲಿ 36, ಹಳದಿ 13, ಕೆಂಪು 6. ವಿಷಯಕ್ಕೊಂದು ಬಣ್ಣ ಎಂದು ಆರು ಬಣ್ಣ ಹಚ್ಚುವವರಿದ್ದಾರೆ. ನೋಡುವುದಕ್ಕೆ ಚೆಂದ, ಆದರೆ ವಾರದೊಳಗೆ ಯಾವುದು ಯಾವುದಕ್ಕೆ ಎಂದು ಮರೆತು ಪಕ್ಕದಲ್ಲೊಂದು ಪಟ್ಟಿ ಅಂಟಿಸಬೇಕಾಗುತ್ತದೆ. ದೂರದಿಂದ ನೋಡಿದ ಕೂಡಲೇ ಅರ್ಥವಾಗದಿದ್ದರೆ ಗೋಡೆಯ ಮೇಲೆ ಹಾಕಿ ಏನು ಪ್ರಯೋಜನ?

ಇನ್ನು ಯಾವ ಕ್ಯಾಲೆಂಡರ್. ನಮ್ಮ ಮನೆಗಳ ಕನ್ನಡ ಕ್ಯಾಲೆಂಡರಿನ ಒಂದು ಮನೆಯಲ್ಲಿ ತಾರೀಕು, ತಿಥಿ, ನಕ್ಷತ್ರ, ಹಬ್ಬ ಎಲ್ಲ ಕಿಕ್ಕಿರಿದಿರುತ್ತವೆ. ಸಾಲದ್ದಕ್ಕೆ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟುವ ದಿನ ಎಂದು ಮನೆಯವರು ಪೆನ್ನಿನಲ್ಲಿ ಬರೆದಿರುತ್ತಾರೆ. ಅದು ಮನೆಯ ಕಡತ, ಅದರ ಮೇಲೆ ಸ್ಟಿಕ್ಕರ್ ಅಂಟಿಸಿದರೆ ನಿಮ್ಮತ್ತೆಗೆ ಬೇಜಾರಾಗುವುದು ನ್ಯಾಯವೇ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅದು ತಿಂಗಳಿಗೊಂದು ಹಾಳೆಯದು. ಜನವರಿ ಇಡೀ ನಿಮಗೆ ಕಾಣುವುದು ಜನವರಿ ಮಾತ್ರ, ಪರೀಕ್ಷೆ ಎರಡು ಹಾಳೆ ಹಿಂದೆ ಅಡಗಿರುತ್ತದೆ. ಉಳಿದ ದಿನ ಕಣ್ಣೆದುರಿಗಿರಲಿ ಎಂದು ಮಾಡಿದ್ದು ಅಲ್ಲೇ ಕೈಕೊಡುತ್ತದೆ.

ಜನವರಿಯಲ್ಲಿ ಪ್ರತಿ ಮನೆಗೂ ಬ್ಯಾಂಕಿನಿಂದ, ಚಿನ್ನದ ಅಂಗಡಿಯಿಂದ, ಔಷಧಿ ಅಂಗಡಿಯಿಂದ ಮೂರ್ನಾಲ್ಕು ಕ್ಯಾಲೆಂಡರ್ ಪುಕ್ಕಟೆ ಬಂದು ಅಟ್ಟದ ಮೇಲೆ ಸುರುಳಿಯಾಗಿ ಬಿದ್ದಿರುತ್ತವಲ್ಲ, ಅದರಲ್ಲೊಂದನ್ನು ತೆಗೆಯಿರಿ. ಒಳಗೆ ಬರೀ ತಾರೀಕು ಇರುವಂಥದ್ದಾದರೆ ಇನ್ನೂ ಒಳ್ಳೆಯದು. ಜನವರಿ, ಫೆಬ್ರುವರಿ, ಮಾರ್ಚ್ ಹಾಳೆಗಳನ್ನು ಬಿಡಿಸಿ ಒಂದರ ಪಕ್ಕ ಒಂದು ಸೆಲ್ಲೋಟೇಪ್‌ನಿಂದ ಜೋಡಿಸಿ, ಏಪ್ರಿಲ್ ಹಾಳೆಯಿಂದ ಮೊದಲ ಎರಡು ದಿನವನ್ನು ಕತ್ತರಿಸಿ ಕೊನೆಗೆ ಅಂಟಿಸಿ. 2026ರಲ್ಲಿ ಒಂದು ಅನುಕೂಲ ಇದೆ. ಫೆಬ್ರುವರಿ 1 ಭಾನುವಾರ, ಅದಕ್ಕೆ ಸರಿಯಾಗಿ ನಾಲ್ಕು ವಾರ, ಮಾರ್ಚ್ 1 ಕೂಡ ಭಾನುವಾರ. ಈ ಮೂರು ಹಾಳೆಗಳ ನಡುವೆ ವಾರಗಳು ಅರ್ಧಕ್ಕೆ ತುಂಡಾಗುವುದಿಲ್ಲ. ನಮ್ಮ ಅನೇಕ ಕ್ಯಾಲೆಂಡರುಗಳಲ್ಲಿ ವಾರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಭಾನುವಾರಗಳು ಮೇಲಿನ ಸಾಲಿನಲ್ಲಿ ಇರುತ್ತವೆ. ನಿಮ್ಮದು ಅಂಥದ್ದಾಗಿದ್ದರೆ ಹಸಿರು ಚುಕ್ಕೆಗಳು ಮೇಲೆ ಒಂದೊಂದಾಗಿ, ಬಿಡಿಬಿಡಿಯಾಗಿ ಹೋಗಿ, ಮಾರ್ಚ್ 11ರಿಂದ ಒಮ್ಮೆಲೇ ಗುಂಪಾಗುವುದು ಬಾಗಿಲಲ್ಲಿ ನಿಂತರೂ ಕಾಣುತ್ತದೆ. ಎರಡು ಹಳದಿ ಪಟ್ಟಿ ಎಲ್ಲಿ ಅಡ್ಡ ಬರುತ್ತದೆ, ಯಾವೆರಡು ಹಸಿರಿನ ಮಧ್ಯೆ ಅಂತರ ಜಾಸ್ತಿ ಎಂಬುದೂ ಕಾಣುತ್ತದೆ. ಜನವರಿ 26 ಆದ ಮೇಲೆ ಮುಂದಿನ ಹಸಿರು ಫೆಬ್ರುವರಿ 15ಕ್ಕೆ. ಮೂರು ವಾರ ಒಂದೂ ಪೂರ್ತಿ ದಿನ ಇಲ್ಲ! ಇದು ಬಣ್ಣ ಹಚ್ಚುವವರೆಗೆ ಯಾರಿಗೂ ಹೊಳೆದಿರುವುದಿಲ್ಲ. ಗಣಿತದ ಕಷ್ಟದ ಅಧ್ಯಾಯವೊಂದು ಬಾಕಿ ಇದ್ದರೆ ಅದು ಆ ಮೂರು ವಾರದ ಆಚೆಗೆ ಬೀಳುವ ಬದಲು ಜನವರಿ 18ಕ್ಕೋ 26ಕ್ಕೋ ಕೂರಬೇಕು.

ಸ್ಟಿಕ್ಕರಿಗೆ ಹೆಚ್ಚು ಖರ್ಚು ಬೇಡ. ಸ್ಟೇಷನರಿ ಅಂಗಡಿಯಲ್ಲಿ ದುಂಡು ಚುಕ್ಕೆಯ ಸ್ಟಿಕ್ಕರ್ ಹಾಳೆ ಸಿಗುತ್ತದೆ, ಚಿಕ್ಕದನ್ನು ಕೇಳಿ. ತಾರೀಕು ಮುಚ್ಚಬಾರದು, ಮನೆಯ ಮೂಲೆಯಲ್ಲಿ ಕೂರಬೇಕು. ಸಿಗದಿದ್ದರೆ ಸ್ಟಿಕ್ಕರ್ ಬೊಟ್ಟೂ ಆಗುತ್ತದೆ. ಆದರೆ ಬೊಟ್ಟಿನ ಅಂಟು ಕಾಗದಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ, ಫ್ಯಾನಿನ ಗಾಳಿಗೆ ಒಂದೊಂದೇ ಉದುರುತ್ತದೆ. ಉದುರಿದ ಚುಕ್ಕೆ ಕಳೆದ ದಿನವೋ ಬಿದ್ದ ದಿನವೋ ಎಂದು ಗೊಂದಲವಾಗುತ್ತದೆ. ಕೆಂಪನ್ನು ಹುಷಾರಾಗಿ ಬಳಸಿ. ಕ್ಯಾಲೆಂಡರಿನಲ್ಲಿ ಭಾನುವಾರ, ಹಬ್ಬಗಳ ತಾರೀಕು ಮೊದಲೇ ಕೆಂಪು ಅಕ್ಷರದಲ್ಲಿರುತ್ತದೆ, ಮೊದಲ ಪತ್ರಿಕೆಯ ಮರುದಿನ 19ಕ್ಕೆ ಯುಗಾದಿ, ಅದೂ ಕೆಂಪೇ. ಹಾಗಾಗಿ ಪರೀಕ್ಷೆಯ ಆರು ಚುಕ್ಕೆಯ ಮೇಲೆ ಕಪ್ಪು ಪೆನ್ನಿನಲ್ಲಿ ವಿಷಯದ ಮೊದಲಕ್ಷರ ಬರೆಯಿರಿ. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದವರೂ ಇರುತ್ತಾರೆ, ಗಂಡುಮಕ್ಕಳಲ್ಲಿ ಅದು ಹೆಚ್ಚು. ಮನೆಯಲ್ಲಿ ಅಂಥವರಿದ್ದರೂ ಅಕ್ಷರ ನೋಡಿ ಗುರುತಿಸಬಹುದು. ಪರೀಕ್ಷಾ ಮಂಡಳಿ ಮೊದಲು ಕೊಡುವುದು ತಾತ್ಕಾಲಿಕ ವೇಳಾಪಟ್ಟಿ. ಅಂತಿಮ ಪಟ್ಟಿ ಕೈಗೆ ಬರುವವರೆಗೆ ಆ ಆರು ದಿನಗಳಿಗೆ ಪೆನ್ಸಿಲ್ ಗುರುತು ಸಾಕು.

ದಿನಾ ಸ್ಟಿಕ್ಕರ್ ಕೀಳುವ ಪದ್ಧತಿ ಬಿಟ್ಟುಬಿಡಿ. ಅಂಟು ಗಟ್ಟಿಯಾದ ಮೇಲೆ ಕಾಗದವೇ ಕಿತ್ತು ಬರುತ್ತದೆ, ಗೋಡೆ ಮೇಲೆ ಗಾಯದ ಹಾಗೆ ಬಿಳಿ ಕಲೆಗಳು ಉಳಿಯುತ್ತವೆ. ಎಲ್ಲ ಚುಕ್ಕೆಯನ್ನೂ ಒಂದೇ ಸಂಜೆ ಕೂತು ಅಂಟಿಸಿ, ರಾತ್ರಿ ಮಲಗುವ ಮುಂಚೆ ಆ ದಿನದ ಚುಕ್ಕೆಯ ಮೇಲೆ ಪೆನ್ನಿನಿಂದ ಅಡ್ಡ ಗೆರೆ ಎಳೆದರೆ ಮುಗಿಯಿತು. ಬೆಳಿಗ್ಗೆ ಬೇಡ, ರಾತ್ರಿಯೇ ಇರಲಿ. ಬೆಳಿಗ್ಗೆ ಗೆರೆ ಎಳೆದರೆ ಇನ್ನೂ ಶುರುವಾಗದ ದಿನ ಆಗಲೇ ಹೋಯಿತು ಅನ್ನಿಸುತ್ತದೆ. ಇದಕ್ಕೆ ಹತ್ತು ಸೆಕೆಂಡೂ ಬೇಡ, ಆದರೆ ಗೆರೆ ಎಳೆಯುವುದು ಅವಳೇ ಆಗಿರಬೇಕು. ಮರೆತರೆ ನೆನಪಿಸಬೇಡಿ. ನಾಲ್ಕು ದಿನದ ಗೆರೆಯನ್ನು ಒಟ್ಟಿಗೆ ಎಳೆದರೂ ಲೆಕ್ಕ ಕೆಡುವುದಿಲ್ಲ. ನೀವು ಎಳೆಯಲು ಶುರುಮಾಡಿದ ದಿನ ಅದು ನಿಮ್ಮ ಕ್ಯಾಲೆಂಡರ್ ಆಗುತ್ತದೆ, ಮತ್ತೆ ಅವಳು ಅದರ ಕಡೆ ನೋಡುವುದಿಲ್ಲ.

ಗೆರೆಯಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ಎಂಬ ಭೇದ ಬೇಡ. ಚೆನ್ನಾಗಿ ಓದಿದರೆ ನಕ್ಷತ್ರ, ಓದದಿದ್ದರೆ ಕಪ್ಪು ಚುಕ್ಕೆ ಎಂದು ಮಾಡಿದ ಮನೆಗಳಲ್ಲಿ ಎರಡನೇ ವಾರಕ್ಕೆ ಜಗಳ ಶುರುವಾಗುತ್ತದೆ, ಮೂರನೇ ವಾರಕ್ಕೆ ಮಕ್ಕಳು ಸುಳ್ಳು ನಕ್ಷತ್ರ ಅಂಟಿಸುವುದನ್ನು ಕಲಿಯುತ್ತಾರೆ. ಎಂಥ ದಿನಗಳು ಎಷ್ಟು ಉಳಿದಿವೆ ಎಂದಷ್ಟೇ ಈ ಹಾಳೆ ಹೇಳಲಿ. ಯಾವತ್ತು ಏನು ಓದಿದಳು ಎಂಬುದು ಅವಳ ನೋಟ್‌ಬುಕ್ಕಿನಲ್ಲಿರಲಿ, ಅದನ್ನು ಅಜ್ಜಿ, ನೆಂಟರು, ಪಕ್ಕದ ಮನೆಯವರೆಲ್ಲ ನೋಡಬೇಕಾಗಿಲ್ಲ.

ಸಂಖ್ಯೆ ಬರೆಯುವುದೇ ಆದರೆ ವಾರಕ್ಕೊಮ್ಮೆ, ಭಾನುವಾರ ರಾತ್ರಿ ಬರೆಯಲಿ. ಅದೂ ಒಟ್ಟು ದಿನವಲ್ಲ, ಉಳಿದ ಹಸಿರು ಎಷ್ಟು ಎಂದು. ದಿನದ ಲೆಕ್ಕದಲ್ಲಿ ಮನೆಯವರಿಗೆ ಎಂದೂ ಒಮ್ಮತ ಇರುವುದಿಲ್ಲ. ಇವತ್ತನ್ನೂ ಸೇರಿಸಿದ ಅಪ್ಪನಿಗೆ 65, ಪರೀಕ್ಷೆ ದಿನವನ್ನೂ ಸೇರಿಸಿದ ಮಗಳಿಗೆ 66, ಎರಡನ್ನೂ ಬಿಟ್ಟ ಅಮ್ಮನಿಗೆ 64. ಹಸಿರಿನ ಲೆಕ್ಕದಲ್ಲಿ ಆ ತಕರಾರು ಬರುವುದಿಲ್ಲ, ಚುಕ್ಕೆ ಎಣಿಸಿದರೆ ಎಲ್ಲರಿಗೂ ಒಂದೇ ಉತ್ತರ. ಮೊದಲ ಪತ್ರಿಕೆಯವರೆಗಿನ 14 ಎನ್ನುವುದು 65ಕ್ಕಿಂತ ಚಿಕ್ಕ ಸಂಖ್ಯೆ, ಇನ್ನೂ ಹೆದರಿಕೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಆಗುವುದಿಲ್ಲ, ಏಕೆಂದರೆ 14ನ್ನು ಹಂಚಿ ಮುಗಿಸಬಹುದು. 65ನ್ನು ಏನು ಮಾಡುವುದೆಂದು ಹದಿನೈದು ವರ್ಷದ ಹುಡುಗಿಗೆ ಹೊಳೆಯುವುದಿಲ್ಲ, ಅದು ಕರಗುವುದನ್ನು ನೋಡುತ್ತ ಕೂರಬಹುದು ಅಷ್ಟೇ.

ಹಂಚುವುದು ಹೀಗೆ. ಹಸಿರು ಚುಕ್ಕೆಯ ಮೇಲೆ ಅವಳು ಪೆನ್ಸಿಲ್‌ನಿಂದ ಒಂದೊಂದು ಅಕ್ಷರ ಬರೆಯಲಿ. ಮೊದಲ ಪತ್ರಿಕೆ ಪ್ರಥಮ ಭಾಷೆಯದು. ಮಿಕ್ಕ ವಿಷಯಗಳಿಗೆ ಬರೆಯುವುದು 80 ಅಂಕಕ್ಕಾದರೆ ಇದಕ್ಕೆ 100. ಕನ್ನಡ ತಾನೇ ಎಂದು ಸದರವಾಗಿ ಬಿಡುವುದು ಬೇಡ, ಮಾರ್ಚ್ 16, 17ರ ಎರಡು ಹಸಿರು ಅದಕ್ಕೆ. ಉಳಿದ ಹನ್ನೆರಡರಲ್ಲಿ ಗಣಿತಕ್ಕೆ ಮೂರು, ವಿಜ್ಞಾನಕ್ಕೆ ಮೂರು, ಸಮಾಜಕ್ಕೆ ಎರಡು, ಇಂಗ್ಲಿಷಿಗೆ ಒಂದು ಎಂದಿಟ್ಟುಕೊಳ್ಳಿ. ಅವಳಿಗೆ ಯಾವುದು ಕಷ್ಟವೋ ಅದನ್ನು ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಲಿ. ತೃತೀಯ ಭಾಷೆ ನೀಲಿ ದಿನಗಳಲ್ಲೇ ಮುಗಿಯುತ್ತದೆ. ಇನ್ನು ಮೂರು ಹಸಿರು ಉಳಿದವಲ್ಲ, ಅವಕ್ಕೆ ಯಾವ ಅಕ್ಷರವನ್ನೂ ಬರೆಯಬೇಡಿ.

ಈ ಖಾಲಿ ಹಸಿರುಗಳೇ ಇಡೀ ಏರ್ಪಾಡನ್ನು ಕಾಪಾಡುವುದು. ಎರಡು ತಿಂಗಳಲ್ಲಿ ಜ್ವರ ಬರುತ್ತದೆ, ಕರೆಂಟ್ ಹೋಗುತ್ತದೆ, ಮುಟ್ಟಿನ ಹೊಟ್ಟೆನೋವು ಇರುತ್ತದೆ, ಇಲ್ಲವೇ ಯಾವ ಕಾರಣವೂ ಇಲ್ಲದೆ ಒಂದು ಭಾನುವಾರ ಓದು ಹತ್ತುವುದಿಲ್ಲ. ಖಾಲಿ ಇಲ್ಲದ ಯೋಜನೆಯಲ್ಲಿ ಒಂದು ದಿನ ತಪ್ಪಿದರೆ ಹಿಂದಿನದೆಲ್ಲ ಮುಂದಕ್ಕೆ ತಳ್ಳಿಕೊಂಡು ಬರುತ್ತದೆ, ಮಕ್ಕಳು ಕೈಚೆಲ್ಲುವುದು ಆಗಲೇ. ಆದರೆ ಮೂರನ್ನೂ ಕೊನೆಗೆ ಇಟ್ಟರೆ ತಡವಾಗುತ್ತದೆ, ಮೊದಲೇ ಇಟ್ಟರೆ ತಪ್ಪುವುದಕ್ಕೆ ಇನ್ನೂ ಏನೂ ಇರುವುದಿಲ್ಲ. ಹರಡಿ ಇಡಿ: ಜನವರಿ 25 ಒಂದು, ಫೆಬ್ರುವರಿ 22 ಒಂದು, ಮಾರ್ಚ್ 14 ಒಂದು. ಉದಾಹರಣೆಗೆ ಫೆಬ್ರುವರಿ 15ರ ಹಸಿರಿನ ಮೇಲೆ ‘ವಿ’ ಎಂದು ಬರೆದಿದ್ದಾಳೆ. ಅವತ್ತು ಶಿವರಾತ್ರಿ. ಹಗಲು ಮನೆಯಲ್ಲಿ ಓಡಾಟ, ಸಂಜೆ ದೇವಸ್ಥಾನ, ರಾತ್ರಿ ಜಾಗರಣೆ ಎಂದು ಕೂತರೆ ಆ ಹಸಿರು ಹೋಯಿತು, ನಿದ್ದೆಗೆಟ್ಟು ಸೋಮವಾರದ ನೀಲಿಯೂ ಹೋಯಿತು. ಆಗ ‘ವಿ’ ಅನ್ನು ಅಳಿಸಿ 22ರ ಖಾಲಿ ಹಸಿರಿನ ಮೇಲೆ ಬರೆಯುವುದು. ಮಿಕ್ಕ ಯಾವ ಚುಕ್ಕೆಯೂ ಅಲುಗಬಾರದು. ಖಾಲಿ ಹಸಿರು ಬಂದಾಗ ಬಾಕಿ ಏನೂ ಇಲ್ಲದಿದ್ದರೆ ಅವತ್ತು ಅವಳಿಗೆ ರಜಾ, ನಿಜವಾದ ರಜಾ. ಖಾಲಿ ಇದೆಯಲ್ಲ ಎಂದು ಅದಕ್ಕೂ ಒಂದು ವಿಷಯ ತುರುಕಿದಿರೋ, ಮುಂದಿನ ಸಲ ಅವಳು ನಿಮ್ಮ ಮಾತು ನಂಬುವುದಿಲ್ಲ.

ಎಲ್ಲಿ ಹಾಕುವುದು ಎಂಬುದಕ್ಕೆ ನನ್ನ ಉತ್ತರ ಖಚಿತ. ಅವಳು ಓದುವ ಮೇಜಿನ ಎದುರು ಬೇಡ. ತಲೆ ಎತ್ತಿದಾಗಲೆಲ್ಲ ಉಳಿದ ದಿನ ಕಂಡರೆ ಲೆಕ್ಕ ಮಾಡುವ ಕೈ ನಿಂತು ದಿನ ಎಣಿಸಲು ಕೂರುತ್ತದೆ. ಅಡುಗೆಮನೆಗೆ ಹೋಗುವ ದಾರಿಯ ಗೋಡೆ ಅಥವಾ ಫ್ರಿಜ್ಜಿನ ಪಕ್ಕ ಸರಿ, ದಿನಕ್ಕೆ ಹತ್ತು ಸಲ ದಾಟುವ ಜಾಗ, ನಿಂತು ನೋಡುವ ಜಾಗ ಅಲ್ಲ. ನಮ್ಮ ಮನೆಗಳಲ್ಲಿ ಕ್ಯಾಲೆಂಡರಿನ ಮೊಳೆ ಬಾಗಿಲಿನ ಎತ್ತರಕ್ಕಿರುತ್ತದೆ. ಅದಕ್ಕೆ ಉದ್ದನೆಯ ದಾರ ಕಟ್ಟಿ ಹಾಳೆ ಅವಳ ಕಣ್ಣಿನ ಮಟ್ಟಕ್ಕೆ ಬರುವಂತೆ ಇಳಿಬಿಡಿ, ಗಾಳಿಗೆ ಹಾರದ ಹಾಗೆ ಕೆಳಗೆ ಎರಡು ಬಟ್ಟೆ ಕ್ಲಿಪ್ ಹಾಕಿ. ಪೆನ್ನೊಂದನ್ನು ಅಲ್ಲೇ ನೇತುಹಾಕಿ.

ದಾರಿಯ ಗೋಡೆ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಬೇರೆ ಇದೆ. ಈ ಹಾಳೆಯಿಂದ ಅವಳಿಗಿಂತ ಹೆಚ್ಚು ಉಪಯೋಗ ಆಗಬೇಕಾದದ್ದು ಮನೆಯ ಮಿಕ್ಕವರಿಗೆ. ಬರೀ ದಿನ ಎಣಿಸುವುದಕ್ಕಾದರೆ ಮೊಬೈಲು ಸಾಕು, ಅದು ಅವಳೊಬ್ಬಳಿಗೇ ಕಾಣುತ್ತದೆ. ಗೋಡೆಯ ಮೇಲಿನ ಹಸಿರನ್ನು ಅಪ್ಪ ನೋಡಿದರೆ ಆ ಭಾನುವಾರ ನೆಂಟರನ್ನು ಊಟಕ್ಕೆ ಕರೆಯುವುದಿಲ್ಲ, ಗೋಡೆಗೆ ಸುಣ್ಣ ಹೊಡೆಸುವ ಕೆಲಸ ಇಟ್ಟುಕೊಳ್ಳುವುದಿಲ್ಲ. ಹಳದಿ ಕಂಡರೆ ತಮ್ಮ ಟೀವಿಯ ಸದ್ದು ತಗ್ಗಿಸುತ್ತಾನೆ. ನಿಮ್ಮತ್ತೆಯವರು ವ್ರತವನ್ನೋ ಸತ್ಯನಾರಾಯಣ ಪೂಜೆಯನ್ನೋ ಗೊತ್ತುಮಾಡುವಾಗ ತಮ್ಮ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, ಮೊಮ್ಮಗಳ ಹಾಳೆಯಲ್ಲಿ ಬಣ್ಣ ನೋಡಿ ನೀಲಿ ದಿನವೊಂದನ್ನು ಆರಿಸಲಿ. ಅವರಿಗೆ ಈ ಕೆಲಸ ಒಪ್ಪಿಸಿ ನೋಡಿ, ಹಸಿರಿಗೆ ಅವರಿಗಿಂತ ಕಟ್ಟುನಿಟ್ಟಿನ ಕಾವಲುಗಾರರು ಸಿಗುವುದಿಲ್ಲ. ಮನೆಯವರು ತಮ್ಮ ಕೆಲಸವನ್ನು ಈ ಹಾಳೆಗೆ ತಕ್ಕಂತೆ ಹೊಂದಿಸುತ್ತಿದ್ದಾರೆ ಎಂದು ಕಂಡರೆ ಹುಡುಗಿಯೂ ಅದನ್ನು ತನ್ನ ಮೇಲಿನ ಪಹರೆ ಎಂದು ತಿಳಿಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಕೆಲವು ಮಕ್ಕಳಿಗೆ ಎಣಿಕೆ ಒಗ್ಗುವುದಿಲ್ಲ. ಆ ಕಡೆ ನೋಡದಿರುವುದು ಅಷ್ಟು ದೊಡ್ಡ ವಿಷಯವಲ್ಲ, ಗೆರೆ ಎಳೆಯಲು ಮರೆಯುವುದೂ ಅಲ್ಲ. ರಾತ್ರಿ ಮಲಗಿದ ಮೇಲೆ ಎದ್ದು ಬಂದು ದಿನ ಎಣಿಸುವುದು, ಬೆಳಿಗ್ಗೆ ಹಾಳೆ ನೋಡಿದ ಕೂಡಲೇ ತಿಂಡಿ ಸೇರದಿರುವುದು, ಗೆರೆ ಎಳೆಯುವಾಗ ಕಣ್ಣೀರು, ಪದೇ ಪದೇ ಹೊಟ್ಟೆನೋವು, ಇವು ಕಂಡರೆ ಎರಡನೇ ಮಾತಿಲ್ಲದೆ ಹಾಳೆ ಇಳಿಸಿ. ಒಂದು ವಾರದ್ದನ್ನು ಮಾತ್ರ ಚಿಕ್ಕ ಚೀಟಿಯಲ್ಲಿ ಬರೆದು ಅವಳ ಪುಸ್ತಕದಲ್ಲಿಡಿ, ಮನೆಯವರ ಲೆಕ್ಕವನ್ನು ನಿಮ್ಮ ಅಡುಗೆಮನೆಯ ಕಪಾಟಿನ ಬಾಗಿಲೊಳಗೆ ಅಂಟಿಸಿಕೊಳ್ಳಿ. ಪರೀಕ್ಷೆ-1 ಆದ ಮೇಲೆ ಪರೀಕ್ಷೆ-2 ಇದೆ, ಹೆಚ್ಚು ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು ಎಂಬುದನ್ನು ಅವಳಿಗೆ ಒಮ್ಮೆ ಸಮಾಧಾನವಾಗಿ ಹೇಳಿ. ಆದರೆ ಆ ದಿನಾಂಕಗಳನ್ನು ಗೋಡೆಗೆ ಹಾಕಬೇಡಿ. ನಿದ್ದೆ, ಊಟ ಎರಡು ವಾರವಾದರೂ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಮಾರ್ಚ್ 11ಕ್ಕೆ ಬಂದಾಗ ಲೆಕ್ಕದ ಕೆಲಸ ಬಹುಪಾಲು ಮುಗಿದಿರುತ್ತದೆ. ಅಲ್ಲಿಂದ ಮುಂದೆ ಸಂಖ್ಯೆ ಬರೆಯುವುದನ್ನು ನಿಲ್ಲಿಸಿ. ಜನವರಿ, ಫೆಬ್ರುವರಿ ಹಾಳೆಗಳನ್ನು ಕತ್ತರಿಸಿ ತೆಗೆದು ಮಾರ್ಚ್ ಮತ್ತು ಏಪ್ರಿಲ್ ತುಂಡು ಮಾತ್ರ ಉಳಿಸಿ. ಪ್ರತಿ ಕೆಂಪಿನ ಹಿಂದೆ ಎಷ್ಟು ಹಸಿರಿದೆ ಎಂದು ಅವಳೇ ಒಮ್ಮೆ ನೋಡಿಕೊಳ್ಳಲಿ, ಎರಡು ಹಸಿರಿರುವ ವಿಷಯಕ್ಕೂ ಒಂದೇ ಇರುವ ವಿಷಯಕ್ಕೂ ತಯಾರಿ ಬೇರೆ ಬೇರೆ ಆಗುತ್ತದೆ. ಒಂದೇ ಹಸಿರಿರುವ ಪತ್ರಿಕೆಯ ಕಷ್ಟದ ಅಧ್ಯಾಯಗಳನ್ನು ಈ ಏಳು ದಿನದಲ್ಲೇ ಒಂದು ಸುತ್ತು ಮುಗಿಸಿಡಬೇಕು, ಹೆಚ್ಚು ಹಸಿರಿರುವುದನ್ನು ನಿಶ್ಚಿಂತೆಯಿಂದ ಮುಂದಕ್ಕೆ ಬಿಡಬಹುದು. 18ರ ಮಧ್ಯಾಹ್ನ ಅವಳು ಮನೆಗೆ ಬಂದ ಮೇಲೆ ಪ್ರಶ್ನೆಪತ್ರಿಕೆ ಹಿಡಿದು ಯಾವುದು ಸರಿ, ಯಾವುದು ತಪ್ಪು ಎಂದು ತಾಳೆ ನೋಡಲು ಕೂರಿಸಬೇಡಿ. ಆ ಕೆಂಪಿನ ಮೇಲೆ ಗೆರೆ ಎಳೆದು ಊಟ ಮಾಡಿ ಮಲಗಲಿ. ಮರುದಿನ ಯುಗಾದಿ, ಬೆಳಿಗ್ಗೆ ಎಣ್ಣೆನೀರು, ಬೇವುಬೆಲ್ಲ, ಹೋಳಿಗೆ ಊಟ ಎಲ್ಲ ಆಗಲಿ. ಆ ಹಸಿರನ್ನು ಮಧ್ಯಾಹ್ನ ಮೂರರಿಂದ ಲೆಕ್ಕ ಹಿಡಿದರೆ ಸಾಕು.